ಹೆಬ್ಬೆರಳ ಕೆಳಗಿನ ಸಂಬಳ

ನಿನ್ನೆ ಸಂಜೆ ಮಳೆ ಸ್ವಲ್ಪ ಹೊಳವಾಗಿತ್ತು. ಎದುರು ಮನೆ ಹುಡುಗ ಛತ್ರಿ ಮಡಚುತ್ತಾ ಜಗಲಿಗೆ ಬಂದ. "ಅಕ್ಕಾ, ಬೆಂಗಳೂರಿನ ಕಂಪನಿಯಿಂದ ಆಫರ್ ಬಂದಿದೆ. ಎಷ್ಟು ಜಾಸ್ತಿ ಕೇಳಬಹುದು?" ಅಂದ.

ಖುಷಿಯಾಯಿತು. ಎಷ್ಟು ಕೊಡ್ತಾರಂತೆ ಅಂದೆ. "ಪರವಾಗಿಲ್ಲ ಅಕ್ಕಾ, ಒಳ್ಳೆ ಪ್ಯಾಕೇಜ್" ಅಂದ. ಈಗ ಇಲ್ಲಿ ಎಷ್ಟು ಬರುತ್ತೆ ಅಂದೆ. "ಏನೋ ನಡೀತಿದೆ" ಅಂದ. ಲೆಟರ್ ಇದ್ದರೆ ತೋರಿಸು ಅಂದೆ. ಫೋನ್ ತೆಗೆದು ತೋರಿಸಿದ. ಆದರೆ ಮೊತ್ತ ಇರುವ ಜಾಗದ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ತೋರಿಸಿದ.

ನಿಜಕ್ಕೂ ಸಿಟ್ಟು ಬಂತು. ಹುಡುಗ ಒಳ್ಳೆಯವನು, ಅವನ ಮೇಲಲ್ಲ. ಈ ಅಭ್ಯಾಸದ ಮೇಲೆ. ಬೆಂಗಳೂರಿನಲ್ಲಿ ನಾನು ಅಷ್ಟು ವರ್ಷ ಪೇರೋಲ್, ಎಚ್‌ಆರ್ ಅಂತ ದುಡಿದು ಶಿವಮೊಗ್ಗಕ್ಕೆ ವಾಪಸ್ ಬಂದವಳು ಅಂತ ನಿಮಗೆಲ್ಲ ಗೊತ್ತು. ಹಾಗಾಗಿ ತಿಂಗಳಿಗೆ ಒಬ್ಬರಾದರೂ ಈ ಪ್ರಶ್ನೆ ಹಿಡಿದು ಬರುತ್ತಾರೆ. ಎಷ್ಟು ಕೇಳಲಿ? ಆದರೆ ಎಷ್ಟು ಕೊಡುತ್ತಿದ್ದಾರೆ ಅಂತ ಹೇಳುವುದಿಲ್ಲ. ಸಂಬಳದ ಜೊತೆ ಇನ್ನೇನು ಕೊಡುತ್ತಾರೆ ಅಂತ ಹೇಳುವುದಿಲ್ಲ. ಅವರು ಒಪ್ಪದಿದ್ದರೆ ನೀನು ಏನು ಮಾಡ್ತೀಯ ಅಂದರೆ ಅದಕ್ಕೂ ಉತ್ತರ ಇಲ್ಲ. ಈ ಮೂರೂ ಇಲ್ಲದೆ ನಾನು ಯಾವ ಸಂಖ್ಯೆ ಹೇಳಿದರೂ ಅದು ಬಾಯಿಗೆ ಬಂದದ್ದು ಅಷ್ಟೇ.

ಅವನ ಅಪ್ಪ ಅಡಿಕೆ ಬೆಳೆಗಾರರು. ಅವರು ಯಾವತ್ತಾದರೂ "ನನ್ನ ಹತ್ರ ಅಡಿಕೆ ಇದೆ, ಎಷ್ಟಕ್ಕೆ ಕೊಡಲಿ" ಅಂತ ಕೇಳಿದ್ದಾರಾ? ರಾಶಿಯೋ, ಬೆಟ್ಟೆಯೋ, ಗೊರಬಲೋ, ಎಷ್ಟು ಕ್ವಿಂಟಾಲ್, ಚೆನ್ನಾಗಿ ಒಣಗಿದೆಯಾ, ಇವತ್ತಿನ ದರ ಎಷ್ಟು, ಎಲ್ಲ ಹೇಳಿಯೇ ಮಾತು ಶುರು. ಇನ್ನೊಂದು ಮುಖ್ಯ ವಿಷಯವೂ ಅವರಿಗೆ ಗೊತ್ತು. ಮಂಡಿಯಲ್ಲಿ ಮುಂಗಡ ತಂದವನು ಅವತ್ತಿನ ದರಕ್ಕೆ ಕೊಟ್ಟು ಬರಬೇಕು. ಸಾಲ ಇಲ್ಲದವನು ಚೀಲ ಕಟ್ಟಿಟ್ಟು ಕಾಯಬಹುದು. ಇಬ್ಬರದ್ದೂ ಒಂದೇ ಅಡಿಕೆ, ಆದರೆ ದರ ಕೇಳುವ ಧೈರ್ಯ ಬೇರೆ. ಅಪ್ಪನಿಗೆ ಇಷ್ಟು ತಿಳಿದಿರುವಾಗ ಮಗ ತನ್ನ ದುಡಿಮೆಯ ದರವನ್ನು ಬೆರಳಲ್ಲಿ ಮುಚ್ಚಿಕೊಂಡು ಬಂದರೆ ಬೇಜಾರಾಗುವುದಿಲ್ಲವಾ?

"ಬೆರಳು ತೆಗಿ, ಇಲ್ಲ ಅಂದ್ರೆ ಕಾಫಿ ಕುಡಿದು ಹೋಗು" ಅಂದೆ. ತೆಗೆದ. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ವರ್ಷಕ್ಕೆ 6 ಲಕ್ಷ ಸಿಟಿಸಿ, ಅಂದರೆ ಇವನಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಅವನ ತಲೆಯಲ್ಲಿ ಇದ್ದದ್ದು ತಿಂಗಳಿಗೆ 50,000. ಲೆಟರ್‌ನ ಕೊನೆಯ ಪುಟಕ್ಕೆ ಹೋಗು ಅಂದೆ. ಒಡೆದು ಬರೆದ ಪಟ್ಟಿ ಇರುವುದೇ ಅಲ್ಲಿ. ಅವನು ಆ ಪುಟ ತೆರೆದೇ ಇರಲಿಲ್ಲ.

ಪೆನ್ನು ಹಿಡಿದು ಕೂತೆವು. ಆರು ಲಕ್ಷದಲ್ಲಿ 60,000 ವೇರಿಯಬಲ್. ಅಂದರೆ ವರ್ಷದ ಕೊನೆಗೆ ಕಂಪನಿಯ ಲಾಭ, ಇವನ ಕೆಲಸ ಎರಡನ್ನೂ ನೋಡಿ ಕೊಡುವ ಹಣ. ಪೂರ್ತಿ ಬರಬಹುದು, ಅರ್ಧ ಬರಬಹುದು, ಬರದೆಯೂ ಇರಬಹುದು. ಬೇಸಿಕ್ ತಿಂಗಳಿಗೆ 25,000. ಅದರ ಶೇಕಡಾ 12, ಅಂದರೆ 3,000 ರೂಪಾಯಿಯನ್ನು ಕಂಪನಿ ತನ್ನ ಪಾಲಿನ ಪಿಎಫ್ ಅಂತ ಕಟ್ಟುತ್ತದೆ. ವರ್ಷಕ್ಕೆ 36,000. ಅದೂ ಈ ಆರು ಲಕ್ಷದ ಒಳಗೇ ಇದೆ. ಗ್ರಾಚ್ಯುಟಿ ಅಂತ ಬೇಸಿಕ್‌ನ ಶೇಕಡಾ 4.81, ಅಂದರೆ ವರ್ಷಕ್ಕೆ 14,430. ಇವನಂಥ ಕಾಯಂ ನೌಕರನಿಗೆ ಅದು ಸಿಗುವುದು ಐದು ವರ್ಷ ಅಲ್ಲೇ ಉಳಿದರೆ. ಇನ್ಶೂರೆನ್ಸ್ ಪ್ರೀಮಿಯಂ 9,570. ಎಲ್ಲ ಸೇರಿ 1,20,000 ಆಯಿತು.

ಉಳಿದದ್ದು 4,80,000. ತಿಂಗಳಿಗೆ 40,000. ಅದರಲ್ಲಿ ಇವನ ಪಾಲಿನ ಪಿಎಫ್ 3,000, ನಮ್ಮ ರಾಜ್ಯದ ವೃತ್ತಿ ತೆರಿಗೆ 200 ಹೋಗುತ್ತದೆ. ಈ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ಆದಾಯ ತೆರಿಗೆ ಬರುವುದಿಲ್ಲ. ಕೈಗೆ 36,800.

ಹುಡುಗ ಆ ಸಂಖ್ಯೆಯನ್ನೇ ನೋಡುತ್ತಾ ಕೂತ.

ಈಗ ಇಲ್ಲಿ ಕೈಗೆ ಎಷ್ಟು ಅಂದೆ. 26,500 ಅಂತೆ. ಮನೆಯಲ್ಲೇ ಊಟ, ಸ್ಕೂಟರ್ ಪೆಟ್ರೋಲಿಗೆ 2,000, ಅಮ್ಮನ ಕೈಗೆ 6,000. ಉಳಿಯುವುದು 18,500. ಬೆಂಗಳೂರಿಗೆ ಹೋದರೆ? ಅವನೇ ವಿಚಾರಿಸಿಟ್ಟಿದ್ದ ಪಿಜಿ ಊಟ ಸೇರಿ 10,000. ಓಡಾಟಕ್ಕೆ 2,000, ತಿಂಗಳಿಗೆ ಎರಡು ಸಲ ಊರಿಗೆ ಬಂದು ಹೋಗಲು 2,500 ಅಂತ ಹಿಡಿದೆವು. ಅಮ್ಮನ 6,000 ನಿಲ್ಲಿಸ್ತೀಯಾ ಅಂದೆ. ಇಲ್ಲ ಅಕ್ಕಾ ಅಂದ. ಕಳೆದರೆ ಉಳಿದದ್ದು 16,300. ಇಲ್ಲಿಗಿಂತ 2,200 ಕಡಿಮೆ. ಪಿಎಫ್‌ಗೆ ಜಾಸ್ತಿ ಸೇರುತ್ತದೆ ಅನ್ನುವುದು ನಿಜ, ಅದನ್ನೂ ಹೇಳಿದೆ. ಆದರೆ ತಿಂಗಳ ಖರ್ಚಿಗೆ ಅದು ಕೈಗೆ ಸಿಗುವ ದುಡ್ಡಲ್ಲ.

ನೋಡಿ, ಇಷ್ಟು ಗೊತ್ತಾದ ಮೇಲೆ ಏನು ಕೇಳಬೇಕು ಅಂತ ತಾನಾಗೇ ಕಾಣುತ್ತದೆ. ಬೆರಳು ಅಡ್ಡ ಇದ್ದಾಗ ನಾನು ಅಂದಾಜಿಗೆ "ಇಪ್ಪತ್ತು ಪರ್ಸೆಂಟ್ ಜಾಸ್ತಿ ಕೇಳು" ಅಂದಿದ್ದರೆ ಕಂಪನಿ ಸಿಟಿಸಿ ಏರಿಸಿ, ಏರಿಸಿದ್ದನ್ನು ವೇರಿಯಬಲ್‌ಗೆ ಹಾಕಿ ಕೊಡಬಹುದಿತ್ತು. ಲೆಟರ್‌ನಲ್ಲಿ ಮೊತ್ತ ದೊಡ್ಡದಾಗುತ್ತಿತ್ತು, ತಿಂಗಳ ಸಂಬಳ ಹಾಗೇ ಇರುತ್ತಿತ್ತು. ಅದರ ಬದಲು ಆ 60,000 ವೇರಿಯಬಲ್ ಅನ್ನು ಫಿಕ್ಸೆಡ್‌ಗೆ ಸೇರಿಸಿ ಅಂತ ಕೇಳಬೇಕು. ಬೇಸಿಕ್ ಬದಲಾಗದಿದ್ದರೆ ತಿಂಗಳಿಗೆ 5,000 ಕೈಗೆ ಜಾಸ್ತಿ ಬರುತ್ತದೆ. ಆಗ ಇಲ್ಲಿಗಿಂತ 2,800 ಮೇಲೆ. ಸಿಟಿಸಿ ಆರು ಲಕ್ಷವೇ. ಬಜೆಟ್ ಇಲ್ಲ ಅಂತ ಹೇಳಲು ಅವರಿಗೆ ದಾರಿ ಕಡಿಮೆ. ಎಚ್‌ಆರ್ ಕಡೆಯ ಕುರ್ಚಿಯಲ್ಲಿ ಕೂತಿದ್ದಾಗ ಇಂಥ ಕೋರಿಕೆ ಬಂದರೆ ನಾವು ಮ್ಯಾನೇಜರ್ ಹತ್ತಿರ ಹೋಗಿ ಕೇಳುತ್ತಿದ್ದೆವು. "ಇನ್ನೂ ಸ್ವಲ್ಪ ಜಾಸ್ತಿ ಮಾಡಿ" ಅಂತ ಬಂದರೆ ಆಗಲ್ಲ ಅಂತ ಅಲ್ಲೇ ಉತ್ತರ ಕೊಡುತ್ತಿದ್ದೆವು.

ಇನ್ನು ಇನ್ಶೂರೆನ್ಸ್. ಆ 9,570ರಲ್ಲಿ ಯಾರ್ಯಾರು ಸೇರಿದ್ದಾರೆ ಅಂದೆ. ನೋಡಿದ. ಇವನೊಬ್ಬನೇ. ಈಗಿನ ಕೆಲಸದಲ್ಲಿ? ಅಪ್ಪ ಅಮ್ಮ ಇಬ್ಬರೂ ಇದ್ದಾರೆ. ಹೋದ ವರ್ಷ ಇವರಪ್ಪನಿಗೆ ಸ್ಟೆಂಟ್ ಹಾಕಿದ್ದು ಇಡೀ ಬೀದಿಗೆ ಗೊತ್ತು. ಆ ಬಿಲ್ ಕಟ್ಟಿದ್ದು ಇದೇ ಕಂಪನಿ ಪಾಲಿಸಿ! ಇದನ್ನು ಹುಡುಗ ಲೆಕ್ಕಕ್ಕೇ ತಂದಿರಲಿಲ್ಲ. ಹೃದಯದ ತೊಂದರೆ ಇರುವವರಿಗೆ ಹೊರಗಡೆ ಹೊಸ ಪಾಲಿಸಿ ಮಾಡಿಸಲು ಹೋದರೆ ಪ್ರೀಮಿಯಂ ಜಾಸ್ತಿ, ಸಿಕ್ಕರೂ ಆ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಕಂಪನಿಯ ಗುಂಪು ಪಾಲಿಸಿಯಲ್ಲಿ ಸಾಮಾನ್ಯವಾಗಿ ಮೊದಲ ದಿನದಿಂದಲೇ ಆಗುತ್ತದೆ. ಹಾಗಾಗಿ ಎರಡನೇ ಕೋರಿಕೆ, ಅಪ್ಪ ಅಮ್ಮನನ್ನು ಪಾಲಿಸಿಗೆ ಸೇರಿಸುವುದು. ಪ್ರೀಮಿಯಂ ನಾನೇ ಕಟ್ಟುತ್ತೇನೆ ಅಂತ ಹೇಳಿಯಾದರೂ ಸೇರಿಸಿಕೊಳ್ಳಬೇಕು. ಸೇರಿಸಿದರೂ ಹಳೇ ಕಾಯಿಲೆಗೆ ಆಗುತ್ತದಾ ಅಂತ ಬರಹದಲ್ಲಿ ತರಿಸಿಕೊಳ್ಳಬೇಕು. ನನ್ನ ಮಟ್ಟಿಗೆ ಇದು ಆ ಐದು ಸಾವಿರಕ್ಕಿಂತ ದೊಡ್ಡದು.

ಸಂಬಳ ಅನ್ನೋದು ಖಾಸಗಿ ವಿಷಯ, ಕಂಡವರಿಗೆಲ್ಲ ಹೇಳಕ್ಕಾಗುತ್ತಾ ಅಂತ ಕೆಲವರು ಹೇಳುತ್ತೀರಿ. ಒಪ್ಪುತ್ತೇನೆ. ನಮ್ಮ ಕಡೆ ದೃಷ್ಟಿ ಆಗುತ್ತೆ ಅನ್ನುವ ಅಳುಕೂ ಇದೆ. ಆದರೆ ಕಂಡವರಿಗೆಲ್ಲ ಹೇಳಿ ಅಂತ ಯಾರು ಹೇಳಿದರು? ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ಕಂಪನಿ ಹೆಸರೂ ನನಗೆ ಬೇಡ. ಯಾರ ಹತ್ತಿರ ಸಲಹೆ ಕೇಳುತ್ತೀರೋ ಅವರೊಬ್ಬರಿಗೆ ಸಂಖ್ಯೆ ಹೇಳಿ. ಅವರ ಮೇಲೆ ಅಷ್ಟೂ ನಂಬಿಕೆ ಇಲ್ಲದಿದ್ದರೆ ಸಲಹೆ ಕೇಳುವುದಾದರೂ ಯಾಕೆ?

ಮೂರನೇ ಪ್ರಶ್ನೆಗೆ ಹುಡುಗ ತುಂಬಾ ಹೊತ್ತು ತಗೊಂಡ. "ಅವರು ಆಗಲ್ಲ ಅಂದ್ರೆ ಏನ್ ಮಾಡ್ತೀಯ?" ಸುಮ್ನೆ ಕೂತ. ರಾಜೀನಾಮೆ ಕೊಟ್ಟುಬಿಟ್ಟಿದ್ದೀಯಾ ಅಂದೆ, ನನಗೆ ಅದೇ ಹೆದರಿಕೆ. ಇಲ್ಲ ಅಂದ. ಆಮೇಲೆ ಮೆಲ್ಲಗೆ, "ಇನ್ನೊಂದು ಕಡೆ ಮೊದಲ ಸುತ್ತು ಆಗಿದೆ, ಎರಡನೇದು ಗುರುವಾರ. ಅದನ್ನ ಹೇಳೋದಾ?" ಅಂದ. ಅದನ್ನೇ ಅಲ್ವಾ ಮೊದಲು ಹೇಳಬೇಕಾದ್ದು!

ನನಗೆ ಯಾಕೆ ಹೆದರಿಕೆ ಅಂತ ಇಲ್ಲಿ ಬರೆದೇಬಿಡುತ್ತೇನೆ, ಇದುವರೆಗೆ ಯಾರಿಗೂ ಹೇಳಿಲ್ಲ. ನನ್ನ ಎರಡನೇ ಕೆಲಸದ ಹೊತ್ತಿಗೆ ಫೋನಿನಲ್ಲಿ ಹೇಳಿದ ಸಂಬಳ ನಂಬಿ, ಲೆಟರ್ ಬರುವ ಮೊದಲೇ ಹಳೇ ಕಡೆ ರಾಜೀನಾಮೆ ಕೊಟ್ಟಿದ್ದೆ. ಲೆಟರ್ ಬಂದಾಗ ಅದರಲ್ಲಿ ಕಡಿಮೆ ಇತ್ತು. ಫೋನ್ ಮಾಡಿ ಕೇಳಿದೆ. "ನಮ್ಮ ಬಜೆಟ್ ಇಷ್ಟೇ, ಯೋಚನೆ ಮಾಡಿ ಹೇಳಿ" ಅಂದರು. ಯೋಚನೆ ಮಾಡಲು ನನ್ನ ಹತ್ತಿರ ಏನಿತ್ತು? ಹಿಂದೆ ಬಾಗಿಲು ಮುಚ್ಚಿತ್ತು. ಬಾತ್‌ರೂಮಿನಲ್ಲಿ ಅತ್ತು, ಹೊರಗೆ ಬಂದು ಸಹಿ ಮಾಡಿದೆ. ಮನೆಯಲ್ಲಿ "ಒಳ್ಳೆ ಪ್ಯಾಕೇಜ್" ಅಂತಲೇ ಹೇಳಿದೆ. ಆ ಎರಡು ಪದ ಕೇಳಿದರೆ ನನಗೆ ಈಗಲೂ ಸಂಕಟ ಆಗುತ್ತದೆ.

ಈ ಹುಡುಗನ ಸ್ಥಿತಿ ಹಾಗಿಲ್ಲ. ಇಲ್ಲಿನ ಕೆಲಸ ಕೈಯಲ್ಲಿದೆ, ಗುರುವಾರದ ಇಂಟರ್‌ವ್ಯೂ ಇದೆ, ಚೀಲ ಕಟ್ಟಿಟ್ಟು ಕಾಯುವ ಶಕ್ತಿ ಇದೆ. ಆದರೆ ಆ ಇಂಟರ್‌ವ್ಯೂ ಅನ್ನು ಕೈಯಲ್ಲಿರುವ ಆಫರ್ ಅಂತ ಸುಳ್ಳು ಹೇಳಬೇಡ ಅಂದೆ. ಲೆಟರ್ ತೋರಿಸು ಅಂದರೆ ಅಲ್ಲಿಗೆ ಮುಗಿಯಿತು. ಒಪ್ಪಿಗೆ ಹೇಳಲು ಮುಂದಿನ ಸೋಮವಾರದವರೆಗೆ ಸಮಯ ಕೇಳಿದರೆ ಸಾಕು, ಗುರುವಾರ ಅದರೊಳಗೇ ಬರುತ್ತದೆ.

ಜಗಲಿಯಲ್ಲೇ ಕೂತು ಮೇಲ್ ಬರೆದ. ಕೆಲಸ ಇಷ್ಟವಾಗಿದೆ, ವೇರಿಯಬಲ್ ಅನ್ನು ಫಿಕ್ಸೆಡ್‌ಗೆ ಸೇರಿಸಬಹುದೇ, ತಂದೆ ತಾಯಿಯನ್ನು ಇನ್ಶೂರೆನ್ಸ್‌ಗೆ ಸೇರಿಸಬಹುದೇ, ಸೋಮವಾರ ಉತ್ತರ ಕೊಡುತ್ತೇನೆ. ಅಷ್ಟೇ. ಆಫರ್ ವಾಪಸ್ ತಗೊಂಡ್ರೆ ಅಂತ ಕಳಿಸುವ ಮುಂಚೆ ಎರಡು ಸಲ ಕೇಳಿದ. ಮರ್ಯಾದೆಯಿಂದ ಇಷ್ಟು ಕೇಳಿದ್ದಕ್ಕೆ ಆಫರ್ ಕಿತ್ತುಕೊಂಡಿದ್ದನ್ನು ನನ್ನ ಅಷ್ಟು ವರ್ಷದಲ್ಲಿ ನಾನು ನೋಡಿಲ್ಲ. ಆಗಲ್ಲ ಅನ್ನಬಹುದು, ಅಷ್ಟೇ. ಕಾಲೇಜಿನಿಂದ ನೇರವಾಗಿ ಗುಂಪಾಗಿ ಸೇರುವ ಮಕ್ಕಳ ಕಥೆ ಬೇರೆ. ಅಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಒಂದೇ ಸಂಬಳ, ಚೌಕಾಸಿಗೆ ಜಾಗ ಇರಲ್ಲ.

ಉತ್ತರ ಇನ್ನೂ ಬಂದಿಲ್ಲ. ರಾತ್ರಿ ಇವನಮ್ಮ ಪತ್ರೊಡೆ ಕೊಡಲು ಬಂದವರು, ಮಗ ಪೂರ್ತಿ ಲೆಕ್ಕ ಮನೆಯಲ್ಲಿ ಹೇಳಿದ ಅಂದರು. ಅಪ್ಪ ಅದೇ ಚೀಟಿ ಹಿಡಿದು ಇನ್ಶೂರೆನ್ಸ್ ಸಾಲಿನ ಕೆಳಗೆ ಗೆರೆ ಎಳೆದರಂತೆ.

ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಹಳೇ ಗೆಳತಿಯ ಮೆಸೇಜ್. "ನನ್ನ ತಂಗಿಗೆ ಒಳ್ಳೆ ಆಫರ್ ಬಂದಿದೆ ಕಣೇ, ಎಷ್ಟು ಕೇಳಬಹುದು?" ಲೆಟರ್‌ನ ಕೊನೆಯ ಪುಟದ ಫೋಟೊ, ಈಗಿನ ಸಂಬಳದ ಚೀಟಿ, ಅವರು ಬೇಡ ಅಂದರೆ ತಂಗಿ ಏನು ಮಾಡ್ತಾಳೆ ಅನ್ನುವ ಒಂದು ಸಾಲು, ಮೂರೂ ಕಳಿಸು ಅಂತ ಬರೆದಿದ್ದೇನೆ. ನೀಲಿ ಗೆರೆ ಬಂದಿದೆ, ಉತ್ತರ ಇಲ್ಲ.