ಒಳಗೆ ಕುಂಟಿದನೋ, ಕುಂಟುತ್ತಾ ಒಳಗೆ ಹೋದನೋ?

"ನಾವೂ 'ಒಳಗೆ ಓಡಿದ' ಅಂತೀವಲ್ಲ, ಚಲನೆ ಹೇಳೋದರಲ್ಲಿ ಇಂಗ್ಲಿಷ್‌ಗೂ ನಮಗೂ ಏನು ವ್ಯತ್ಯಾಸ?"

'ಓಡು' ಬಿಡಿ, 'ಕುಂಟು' ಹಾಕಿ ನೋಡಿ. 'ಅಜ್ಜ ಬೀದರ್ ಕೋಟೆಯೊಳಗೆ ಕುಂಟಿದ' ಅಂದರೆ ಒಳಗೇ ಇದ್ದು ಕುಂಟಿದ ಅಂತಾಗುತ್ತದೆ. ಬಾಗಿಲು ದಾಟಿಸಬೇಕಾದರೆ 'ಕುಂಟುತ್ತಾ ಒಳಗೆ ಹೋದ' ಅನ್ನಲೇಬೇಕು. ದಾರಿ ಹೇಳೋದು 'ಹೋದ'. ನಡೆದ ರೀತಿ 'ಕುಂಟುತ್ತಾ'ದಲ್ಲಿ, ಅದನ್ನು ಬಿಟ್ಟರೂ ವಾಕ್ಯ ನಿಲ್ಲುತ್ತದೆ. ಇಂಗ್ಲಿಷಿನ 'ಲಿಂಪ್ಡ್ ಇಂಟು' ಹಾಗಲ್ಲ. ಅಲ್ಲಿ ಕ್ರಿಯಾಪದವೇ ಕುಂಟುತ್ತದೆ, ದಾರಿ ಪುಟ್ಟ 'ಇಂಟು'ವಿನ ಪಾಲು. ಭಾಷಾವಿಜ್ಞಾನಿ ಲಿಯೊನಾರ್ಡ್ ಟಾಲ್ಮಿ ಭಾಷೆಗಳನ್ನು ಎರಡು ಗುಂಪು ಮಾಡಿದ್ದು, ದಾರಿ ಕ್ರಿಯಾಪದದಲ್ಲಿದೆಯೋ ಅದರ ಹೊರಗಿದೆಯೋ ಅನ್ನೋದರ ಮೇಲೆಯೇ. ನಮ್ಮ ಕಲಬುರಗಿ ಬಜಾರಿನ ಉರ್ದುವೂ ಕನ್ನಡದ ಕಡೆಗೇ ಬರುತ್ತದೆ, ಸುಮ್ನೆ ಕಿವಿಗೊಟ್ಟು ಕೇಳಿ.

ಆದರೆ 'ಬಾವಿಗೆ ಹಾರಿದ' ನಮ್ಮಲ್ಲೂ ನಡೆಯುತ್ತದೆ, ಅಲ್ವಾ? ಒಂದೇ ಕ್ಷಣದಲ್ಲಿ ಮುಗಿಯುವ ಚಲನೆಗೆ ಕನ್ನಡದಂಥ ಭಾಷೆಗಳು ಸ್ವಲ್ಪ ರಿಯಾಯಿತಿ ಕೊಡುತ್ತವೆ. ನಿಧಾನದ ಕುಂಟುವಿಕೆಗೆ ಅದಿಲ್ಲ.