ಹೆಸರಿನ ಬಾಲ ಹಿಡಿದುಕೊಳ್ಳಿ

ಹೋದ ವಾರ ಸಾಗರದ ನಮ್ಮನೆ ಜಗಲಿಯಲ್ಲಿ ಅಣ್ಣನ ಮಗಳು ಪರೀಕ್ಷೆಗೆ ಓದ್ತಾ ಕೂತಿದ್ದಳು. ಹೊರಗೆ ಜೋರು ಮಳೆ. ಅವಳು ಒಂದೇ ಪ್ಯಾರಾವನ್ನು ನಾಲ್ಕು ಸಲ ಓದಿದ್ದು ಅಡುಗೆಮನೆಗೂ ಕೇಳಿಸಿತು. ಹೋಗಿ ನೋಡಿದರೆ ನಮ್ಮ ಮಂಗನ ಕಾಯಿಲೆಯ ಬಗ್ಗೆಯೇ ಇತ್ತು. ಹಾಗಿದ್ದೂ ಅವಳಿಗೆ ಒಂದಕ್ಷರವೂ ತಲೆಗೆ ಹೋಗಿರಲಿಲ್ಲ.

ಪ್ಯಾರಾದಲ್ಲಿದ್ದ ವಿಷಯ ಇಷ್ಟು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪ್ರೆಸ್ಬೈಟಿಸ್ ಎಂಟೆಲಸ್ ಮತ್ತು ಮಕಾಕಾ ರೇಡಿಯೇಟಾ ಸಾಯತೊಡಗಿದವು. ಮೊದಲು ಯೆಲ್ಲೋ ಫೀವರ್ ಇರಬಹುದೆಂಬ ಅನುಮಾನ ಬಂತು. ವೈರಸ್ ಸಿಕ್ಕ ಮೇಲೆ ಅದು ರಷ್ಯನ್ ಸ್ಪ್ರಿಂಗ್ ಸಮ್ಮರ್ ಎನ್ಸೆಫಲೈಟಿಸ್ ಗುಂಪಿಗೆ ಹತ್ತಿರದ್ದು ಅಂತ ಗೊತ್ತಾಯಿತು. ಅದನ್ನು ಮುಖ್ಯವಾಗಿ ಹರಡುವುದು ಹೀಮಾಫೈಸಾಲಿಸ್ ಸ್ಪೈನಿಜೆರಾ. ಹೀ. ಟರ್ಟುರಿಸ್‌ನಲ್ಲೂ ವೈರಸ್ ಕಂಡಿದೆ. ಸೆಮ್ನೋಪಿಥೆಕಸ್ ಎಂಟೆಲಸ್ ಸತ್ತಾಗ ಅದರ ಮೈಮೇಲಿನವು ನೆಲಕ್ಕೆ ಉದುರಿ, ಸುತ್ತಲಿನ ಜಾಗ ಅಪಾಯದ್ದಾಗುತ್ತದೆ.

“ಯಾರು ಯಾರನ್ನ ಕಚ್ತಾರೆ ಹೇಳು ಪುಟ್ಟಿ” ಅಂದೆ. “ಅತ್ತೆ, ಹೆಸರು ಹೇಳಕ್ಕೇ ಬರ್ತಿಲ್ಲ, ಕಚ್ಚೋದೆಲ್ಲಿಂದ ಹೇಳ್ಲಿ” ಅಂದಳು.

ಅವಳ ಕಷ್ಟ ಅಲ್ಲೇ ಇತ್ತು. ಉಚ್ಚಾರ ಸರಿಯಾಗುವ ತನಕ ಮುಂದೆ ಹೋಗಬಾರದು ಅಂತ ಅವಳಿಗೆ ಯಾರೋ ಹೇಳಿಕೊಟ್ಟಿದ್ದರು. ಇದು ತಪ್ಪು ಪಾಠ ಅಂತಲೇ ನನ್ನ ಅಭಿಪ್ರಾಯ. ನಾಲಿಗೆ ಹೆಸರಿನ ಜೊತೆ ಗುದ್ದಾಡುವಷ್ಟರಲ್ಲಿ ವಾಕ್ಯದ ಮೊದಲರ್ಧ ಮರೆತೇ ಹೋಗಿರುತ್ತದೆ. ಮನಸ್ಸಿನಲ್ಲಿ ಓದುವಾಗ ಹೆಸರನ್ನು ಪೂರ್ತಿ ಉಚ್ಚರಿಸುವ ಅಗತ್ಯವೇ ಇಲ್ಲ. ಅದು ಈ ಕಥೆಯಲ್ಲಿ ಏನು ಕೆಲಸ ಮಾಡ್ತಿದೆ ಅನ್ನುವುದು ಗೊತ್ತಾದರೆ ಸಾಕು.

ಪೆನ್ಸಿಲ್ ಕೊಟ್ಟು, ಪ್ರತಿ ಹೆಸರು ಮೊದಲ ಸಲ ಬಂದ ಕಡೆ ಅಂಚಿನಲ್ಲಿ ಮನೆಮಾತಿನ ಒಂದು ಪದ ಬರಿ ಅಂದೆ. ಎಂಟೆಲಸ್ ಅಂದರೆ ಮುಸಿಯ. ರೇಡಿಯೇಟಾ ಅಂದರೆ ಮನೆ ಹತ್ತಿರ ಬರುವ ಮಂಗ. ಸ್ಪೈನಿಜೆರಾ ಉಣುಗು. ಮೂರು ಪದ ಬರೆಯುವಷ್ಟರಲ್ಲೇ ಅವಳ ಮುಖ ಸಡಿಲವಾಯಿತು. ಇವೆಲ್ಲ ಅವಳು ದಿನಾ ನೋಡುವ ಪ್ರಾಣಿಗಳೇ ಅಲ್ವಾ.

ಹೆಸರನ್ನು ಮೊದಲಕ್ಷರದಿಂದ ನೆನಪಿಟ್ಟುಕೊಳ್ಳಿ ಅಂತ ಬಹಳ ಜನ ಹೇಳ್ತಾರೆ. ಇಂಥ ಪ್ಯಾರಾದಲ್ಲಿ ಅದು ಎರಡು ಕಡೆ ಕೈಕೊಡುತ್ತದೆ. ಸ್ಪೈನಿಜೆರಾ, ಟರ್ಟುರಿಸ್ ಎರಡೂ ಉಣುಗೇ, ಎರಡರ ಮೊದಲ ಪದವೂ ಹೀಮಾಫೈಸಾಲಿಸ್ಸೇ. ಎರಡನೆಯದನ್ನು ಬರೀ ‘ಹೀ.’ ಅಂತ ಚಿಕ್ಕದು ಮಾಡಿಯೂ ಬಿಟ್ಟಿದ್ದಾರೆ. ‘ಹೀ’ ಅಂತ ಮಾತ್ರ ಗುರುತು ಹಾಕಿಕೊಂಡರೆ ಬೇರೆ ಬೇರೆ ಎರಡು ಜೀವಿ ಒಂದಾಗಿಬಿಡುತ್ತವೆ. ಇನ್ನೊಂದು ಕಡೆ ಇದರ ಉಲ್ಟಾ. ಹಳೆಯ ಬರಹಗಳಲ್ಲಿ ಮುಸಿಯನಿಗೆ ಪ್ರೆಸ್ಬೈಟಿಸ್ ಎಂಟೆಲಸ್ ಅಂತ ಹೆಸರಿತ್ತು. ಆಮೇಲೆ ಸೆಮ್ನೋಪಿಥೆಕಸ್ ಎಂಟೆಲಸ್ ಅಂತಾಯಿತು. ಮೊದಲಕ್ಷರ ನೋಡಿದವರಿಗೆ ಇಲ್ಲಿ ಒಂದೇ ಪ್ರಾಣಿ ಎರಡಾಗಿ ಕಾಣುತ್ತದೆ. ನಮ್ಮ ಪುಟ್ಟಿಯೂ ಒಟ್ಟು ಮೂರು ಜಾತಿ ಮಂಗ ಅಂತ ಎಣಿಸಿದ್ದಳು.

ಅದಕ್ಕೇ ಬಾಲ ಹಿಡಿ ಅಂದೆ. ಈ ವೈಜ್ಞಾನಿಕ ಹೆಸರುಗಳಲ್ಲಿ ಮೊದಲ ಪದ ಕುಲದ್ದು, ಎರಡನೆಯದು ಆ ಜೀವಿಯದ್ದು. ಒಂಥರಾ ಮನೆತನದ ಹೆಸರು ಮುಂದೆ, ಮಗುವಿನ ಹೆಸರು ಹಿಂದೆ ಇದ್ದ ಹಾಗೆ. ಎರಡನೆಯ ಪದ ನೋಡಿದರೆ ಎಂಟೆಲಸ್ ಎರಡು ಕಡೆಯೂ ಒಂದೇ, ಉಣುಗು ಎರಡು. ಅಂಚಿನಲ್ಲಿ ‘ಉಣುಗು ಸ್ಪೈ, ಮುಖ್ಯ’ ಮತ್ತು ‘ಉಣುಗು ಟರ್’ ಅಂತ ಬೇರೆ ಬೇರೆ ಬರೆಸಿದೆ. ಪ್ರಶ್ನೆಯಲ್ಲಿ ಪೂರ್ತಿ ಹೆಸರೇ ಬರುವುದರಿಂದ ಈ ಎರಡಕ್ಷರ ಇಲ್ಲದಿದ್ದರೆ ಬರೀ ‘ಉಣುಗು’ ಅಂತ ಬರೆದದ್ದು ಪ್ರಯೋಜನಕ್ಕೆ ಬರುವುದಿಲ್ಲ.

ಕಾಯಿಲೆಯ ಹೆಸರುಗಳಲ್ಲಿ ಅವಳು ಎಡವಿದ್ದು ಬೇರೆ ರೀತಿ. ಎಲ್ಲದಕ್ಕೂ ‘ಜ್ವರ’ ಅಂತ ಬರೆದುಬಿಟ್ಟಳು. ಆಗ ಕ್ಯಾಸನೂರಿಗೆ ಮೂರು ಜ್ವರ ಬಂದ ಹಾಗಾಯಿತು! ಇಲ್ಲಿ ಹೆಸರಿನ ಹಿಂದುಮುಂದಿನ ಕ್ರಿಯಾಪದ ನೋಡಬೇಕು. ಯೆಲ್ಲೋ ಫೀವರ್ ಪಕ್ಕ ‘ಅನುಮಾನ ಬಂತು’ ಅಂತಿದೆ. ಬಂದ ಅನುಮಾನ ಹೋಯಿತು, ಅದಕ್ಕೆ ಒಂದು ಅಡ್ಡಗೆರೆ. ರಷ್ಯನ್ ಹೆಸರಿನ ಪಕ್ಕ ‘ಹತ್ತಿರದ್ದು’ ಅಂತಿದೆ. ಅಂದರೆ ಅದು ನೆಂಟ, ನಮ್ಮ ಕಾಡಿಗೆ ಬಂದದ್ದಲ್ಲ. ಉಳಿದದ್ದು ಒಂದೇ, ಆ ಊರಿನ ಹೆಸರನ್ನೇ ಹೊತ್ತ ಕ್ಯಾಸನೂರು ಕಾಡಿನ ಕಾಯಿಲೆ. ನಾವು ಮಂಗನ ಕಾಯಿಲೆ ಅನ್ನುವುದೂ ಅದನ್ನೇ.

ಆಮೇಲೆ ಪುಸ್ತಕ ಮುಚ್ಚಿಸಿ ಕೇಳಿದೆ. ಉಚ್ಚಾರ ಚೆನ್ನಾಗಿದ್ದೂ ಮನೆಮಾತಿನಲ್ಲಿ ಹೇಳಲು ಬರದಿದ್ದರೆ ಎಲ್ಲೋ ಎಳೆ ತಪ್ಪಿದೆ ಅಂತಲೇ ಅರ್ಥ. ಪುಟ್ಟಿ ಹೇಳಿದಳು: “ಮುಸಿಯ, ಮಂಗ ಸತ್ತವು. ಯೆಲ್ಲೋ ಫೀವರ್ ಅಂದ್ಕೊಂಡ್ರು, ಅಲ್ಲ. ರಷ್ಯಾದ್ದರ ನೆಂಟ ವೈರಸ್. ಹರಡೋದು ಉಣುಗು, ಅದ್ರಲ್ಲಿ ಸ್ಪೈ ಮುಖ್ಯ. ಮುಸಿಯ ಸತ್ತ ಜಾಗದಲ್ಲಿ ಉಣುಗು ಉದುರತ್ತೆ.” ಒಂದು ಸಲವೂ ತಡವರಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಕೇಳಿದಳು, “ಅತ್ತೆ, ಹಾಗಾದ್ರೆ ಸತ್ತ ಮಂಗ ಕಂಡ್ರೆ ಹತ್ರ ಹೋಗ್ಬೇಡ ಅಂತ ಅಜ್ಜ ಬೈತಿದ್ದದ್ದು ಇದಕ್ಕೇನಾ?”