ಇಡೀ ದೇಶಕ್ಕೆ ಒಂದೇ ಗಡಿಯಾರ, ಮಲೆನಾಡಿಗೆ ಬೇಡದ ಅರ್ಧ ಗಂಟೆ

ದೇಶದ ಗಡಿಯಾರವನ್ನೇ ಅರ್ಧ ಗಂಟೆ ಮುಂದೆ ಇಟ್ಟುಬಿಡಬೇಕು, ಸಂಜೆ ಬೆಳಕು ಜಾಸ್ತಿ ಸಿಗುತ್ತದೆ, ಕರೆಂಟು ಉಳಿಯುತ್ತದೆ ಅನ್ನುವ ಮಾತು ಆಗಾಗ ಕೇಳಿಬರುತ್ತದೆ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಮಲೆನಾಡಿನಲ್ಲಿ ಕೂತು ಲೆಕ್ಕ ಹಾಕಿದರೆ ಸರಿ ಅನ್ನಿಸುವುದಿಲ್ಲ. ಲೆಕ್ಕ ಕಷ್ಟದ್ದೇನಲ್ಲ, ಬನ್ನಿ, ಹಾಕಿ ನೋಡೋಣ.

ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. ನಮ್ಮ ಭಾರತೀಯ ಕಾಲಮಾನ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ ಗೆರೆ ಅದು. ಶಿವಮೊಗ್ಗ ಇರುವುದು ಸುಮಾರು 75.57 ಡಿಗ್ರಿಯಲ್ಲಿ. ವ್ಯತ್ಯಾಸ ಹತ್ತಿರ ಹತ್ತಿರ 7 ಡಿಗ್ರಿ, ಅಂದರೆ 28 ನಿಮಿಷ. ಮಿರ್ಜಾಪುರದಲ್ಲಿ ಸೂರ್ಯ ನೆತ್ತಿಯ ಗೆರೆ ದಾಟಿದ ಮೇಲೆ ನಮ್ಮಲ್ಲಿ ದಾಟಲು ಇನ್ನೂ 28 ನಿಮಿಷ ಬೇಕು. ಹಾಗಾಗಿ ಶಿವಮೊಗ್ಗದಲ್ಲಿ ನಿಜವಾದ ನಡುಮಧ್ಯಾಹ್ನ ಗಡಿಯಾರದ ಹನ್ನೆರಡಕ್ಕಲ್ಲ, ಸರಾಸರಿ 12:28ಕ್ಕೆ.

ಇದು ನಮ್ಮ ಪುರೋಹಿತರಿಗೆ ಹೊಸ ವಿಷಯ ಅಲ್ಲ. ಅಭಿಜಿನ್ ಮುಹೂರ್ತ ಅಂದರೆ ಸೂರ್ಯ ನೆತ್ತಿಗೆ ಬರುವ ಹೊತ್ತಿನ ಆಚೀಚೆ. ನಮ್ಮ ಕಡೆಯ ಲಗ್ನಪತ್ರಿಕೆಗಳಲ್ಲಿ ಆ ಮುಹೂರ್ತ ಸಾಮಾನ್ಯವಾಗಿ ಹನ್ನೆರಡೂವರೆಯ ಸುತ್ತಮುತ್ತ ಇರುತ್ತದೆ. ಪಂಚಾಂಗ ನಮ್ಮೂರಿನ ಸೂರ್ಯನನ್ನು ನೋಡುತ್ತದೆ, ಗಡಿಯಾರ ಮಿರ್ಜಾಪುರದ ಸೂರ್ಯನನ್ನು ನೋಡುತ್ತದೆ. ಪರೀಕ್ಷೆ ಮಾಡಬೇಕು ಅನ್ನಿಸಿದರೆ ಅಂಗಳದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ, ನೆರಳು ಸರಿಯಾಗಿ ಉತ್ತರ-ದಕ್ಷಿಣ ಗೆರೆಯ ಮೇಲೆ ಬರುವ ಹೊತ್ತನ್ನು ಬರೆದಿಟ್ಟುಕೊಳ್ಳಿ. ಒಂದೇ ಎಚ್ಚರಿಕೆ. ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಅದರ ಅಕ್ಷವೂ ವಾಲಿದೆ. ಹಾಗಾಗಿ ಈ ಹೊತ್ತು ವರ್ಷವಿಡೀ ಒಂದೇ ಇರುವುದಿಲ್ಲ. ನವೆಂಬರ್ ಮೊದಲ ವಾರದಲ್ಲಿ ನೋಡಿದರೆ 12:11 ಸುಮಾರಿಗೆ ಬರುತ್ತದೆ, ಫೆಬ್ರವರಿಯ ನಡುವೆ ನೋಡಿದರೆ 12:42 ಸುಮಾರಿಗೆ. 28 ನಿಮಿಷ ಅನ್ನುವುದು ಇವೆಲ್ಲದರ ಸರಾಸರಿ.

ಹಾಗಾದರೆ ಯಾವ ಊರಿಗೆ ಯಾವ ಟೈಮು ಅಂತ ಹಂಚಿದ್ದು ಯಾರು? ಪ್ರಪಂಚಕ್ಕೆಲ್ಲ ಒಂದು ಸಂಸ್ಥೆ ಕೂತು ಹಂಚಿತು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗೆ ಆಗಲೇ ಇಲ್ಲ. 1884ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಸಮ್ಮೇಳನ ಗ್ರೀನಿಚ್ಚನ್ನು ಸೊನ್ನೆ ಡಿಗ್ರಿ ಅಂತ ಒಪ್ಪಿಕೊಂಡಿತು. ದೇಶಗಳಿಗೆ ಟೈಮ್ ಝೋನ್ ಹಂಚುವ ಕೆಲಸಕ್ಕೆ ಅದು ಕೈ ಹಾಕಲಿಲ್ಲ. ಆಮೇಲೆ ಪ್ರತಿ ಸರ್ಕಾರವೂ ತನಗೆ ಬೇಕಾದಂತೆ ಆದೇಶ ಹೊರಡಿಸಿ ತನ್ನ ಗಡಿಯಾರ ಇಟ್ಟುಕೊಂಡಿತು. 15 ಡಿಗ್ರಿಗೊಂದು ಗಂಟೆ ಅನ್ನುವುದು ಆಧಾರಕ್ಕೆ ಮಾತ್ರ, ಕೊನೆಯ ಮಾತು ಆಯಾ ದೇಶದ್ದೇ.

ಬರೀ ಆಧಾರದ ಪ್ರಕಾರ ನಡೆದಿದ್ದರೆ ಏನಾಗುತ್ತಿತ್ತು ಗೊತ್ತಾ? 75 ಡಿಗ್ರಿ ರೇಖಾಂಶ ನಮ್ಮ ಸಾಗರ ಪೇಟೆಯ ಪಕ್ಕದಲ್ಲೇ ಹಾದುಹೋಗುತ್ತದೆ. ಆಗುಂಬೆಯೂ ಅದಕ್ಕೆ ಹತ್ತಿರ. 75 ಅಂದರೆ ಐದು ಹದಿನೈದಲೆ. ಹಾಗಾಗಿ ಸಾಗರದ ಸೂರ್ಯ ಗ್ರೀನಿಚ್‌ಗಿಂತ ಸರಿಯಾಗಿ 5 ಗಂಟೆ ಮುಂದೆ. ಪಾಕಿಸ್ತಾನದ ಗಡಿಯಾರ ಇರುವುದೂ ಇದೇ 5 ಗಂಟೆಯ ಮೇಲೆ. ಸೂರ್ಯನೊಬ್ಬನನ್ನೇ ಕೇಳಿದರೆ ಮಲೆನಾಡಿಗೆ ಸಲ್ಲುವ ಟೈಮು ಅದು. ನಾವು ಐದೂವರೆಯಲ್ಲಿ ಇರುವುದು ದೇಶದ ಲೆಕ್ಕದಿಂದ, ಸೂರ್ಯನ ಲೆಕ್ಕದಿಂದ ಅಲ್ಲ.

ಆ ಐದೂವರೆ ಬಂದ ಕಥೆಯೂ ರಾಜಿಯದೇ. ಬ್ರಿಟಿಷರ ಕಾಲದಲ್ಲಿ ಬಾಂಬೆಗೆ ಒಂದು ಟೈಮು, ಕಲ್ಕತ್ತಾಕ್ಕೆ ಒಂದು ಟೈಮು. ಎರಡಕ್ಕೂ ಒಂದು ಗಂಟೆಯಷ್ಟು ವ್ಯತ್ಯಾಸ. ರೈಲ್ವೆಯವರು ಇವೆರಡರ ನಡುವೆ ಬರುತ್ತಿದ್ದ ಮದ್ರಾಸ್ ಟೈಮ್ ಹಿಡಿದುಕೊಂಡರು. 1906ರ ಜನವರಿ 1ರಿಂದ ಐದೂವರೆ ಗಂಟೆಯ ಟೈಮು ಶುರುವಾಯಿತು. ಕಲ್ಕತ್ತಾ ತನ್ನ ಟೈಮನ್ನು 1948ರವರೆಗೆ ಬಿಡಲಿಲ್ಲ, ಬಾಂಬೆ 1955ರವರೆಗೆ ಬಿಡಲಿಲ್ಲ. ಒಂದು ದೇಶ ಒಂದು ಗಡಿಯಾರ ಅನ್ನುವುದು ಹಿಂದಿನಿಂದ ಬಂದದ್ದು ಅಂತ ಹೇಳುವವರು ಇದನ್ನು ಗಮನಿಸಬೇಕು. ನಮ್ಮ ಅಜ್ಜ ಅಜ್ಜಿ ಕಂಡ ಕಾಲದಲ್ಲೇ ದೇಶದಲ್ಲಿ ಎರಡು ಮೂರು ಟೈಮ್ ಇದ್ದವು, ಜನ ಬದುಕಿದರು.

ಈ ಒಂದೇ ಗಡಿಯಾರದಿಂದ ಜಾಸ್ತಿ ಪೆಟ್ಟು ತಿನ್ನುವವರು ಈಶಾನ್ಯದವರು. ನನ್ನ ಭಾವ ಗುವಾಹಟಿಯಲ್ಲಿ ಕೆಲಸದಲ್ಲಿದ್ದಾರೆ. "ಇಲ್ಲಿ ಡಿಸೆಂಬರ್‌ನಲ್ಲಿ ನಾಲ್ಕೂವರೆಗೆ ಸೂರ್ಯ ಮುಳುಗಿ ಆಗಿರ್ತದೆ ಮಾರಾಯ, ಆಫೀಸು ಬಿಡುವಾಗ ಕಗ್ಗತ್ತಲು" ಅಂತ ಫೋನಿನಲ್ಲಿ ಹೇಳುತ್ತಿರುತ್ತಾರೆ. ಲೆಕ್ಕ ಅದನ್ನೇ ಹೇಳುತ್ತದೆ. ಗುವಾಹಟಿ ಮಿರ್ಜಾಪುರದ ಗೆರೆಗಿಂತ 9 ಡಿಗ್ರಿಗೂ ಸ್ವಲ್ಪ ಹೆಚ್ಚು ಪೂರ್ವಕ್ಕಿದೆ. ಅಲ್ಲಿನ ಸೂರ್ಯ ಗಡಿಯಾರಕ್ಕಿಂತ 37 ನಿಮಿಷ ಮುಂದೆ. ಜೂನ್‌ನಲ್ಲಿ ಬೆಳಿಗ್ಗೆ ನಾಲ್ಕೂವರೆಗೇ ಸೂರ್ಯ ಹುಟ್ಟುತ್ತಾನೆ. ಶಾಲೆ, ಆಫೀಸು, ಬ್ಯಾಂಕು ತೆರೆಯುವ ಹೊತ್ತಿಗೆ ಹಗಲಿನ ಐದು ಗಂಟೆ ಸುಮ್ನೆ ಕಳೆದುಹೋಗಿರುತ್ತವೆ. ಅಸ್ಸಾಂನ ಚಹಾ ತೋಟದವರು ಇದನ್ನು ಬಹಳ ಹಿಂದೆಯೇ ಬಗೆಹರಿಸಿಕೊಂಡರು. ತೋಟದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಂಡರು. ಅದಕ್ಕೆ 'ಬಾಗಾನ್ ಟೈಮ್' ಅಂತ ಹೆಸರು, ಬಾಗಾನ್ ಅಂದರೆ ತೋಟ. ಆಳುಗಳು ಇಬ್ಬನಿ ಇರುವಾಗಲೇ ಕೆಲಸಕ್ಕೆ ಇಳಿದು ಬೆಳಕಿರುವಾಗಲೇ ಮನೆ ಸೇರಬೇಕು, ಅಷ್ಟೇ ಅದರ ಉದ್ದೇಶ. ಅಡಿಕೆ ತೋಟದವರಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಚೀನಾದಲ್ಲಿ ಆಗಿರುವುದೂ ಇದೇ, ಇನ್ನೂ ದೊಡ್ಡದಾಗಿ. ಆ ದೇಶ ಅಗಲದಲ್ಲಿ 60 ಡಿಗ್ರಿ, ಅಂದರೆ ನಾಲ್ಕು ಗಂಟೆ. ಮೊದಲು ಅಲ್ಲಿ ಐದು ವಲಯಗಳಿದ್ದವು. 1949ರಲ್ಲಿ ಹೊಸ ಸರ್ಕಾರ ಬಂದ ಮೇಲೆ ಎಲ್ಲಾ ಕಡೆಗೂ ಬೀಜಿಂಗ್ ಟೈಮ್ ಅಂತಾಯಿತು. ಕಾರಣ ಸೂರ್ಯನಲ್ಲ, ಇಡೀ ದೇಶ ರಾಜಧಾನಿಯ ಕೈಯಲ್ಲಿದೆ ಅಂತ ತೋರಿಸುವುದು. ಈಗ ಪಶ್ಚಿಮದ ತುದಿಯ ಕಾಶ್ಗರ್ ನೋಡಿ. ಅದು ಇರುವುದು ಸುಮಾರು 76 ಡಿಗ್ರಿಯಲ್ಲಿ, ಶಿವಮೊಗ್ಗದ ನೇರ ಉತ್ತರಕ್ಕೆ ಅಂದರೂ ನಡೆಯುತ್ತದೆ. ಎರಡೂ ಊರಲ್ಲಿ ಸೂರ್ಯ ನೆತ್ತಿಗೆ ಬರುವುದು ಒಂದೆರಡು ನಿಮಿಷದ ಅಂತರದಲ್ಲಿ. ಆಗ ನಮ್ಮ ಗಡಿಯಾರ 12:28 ಅನ್ನುತ್ತದೆ, ಅವರದ್ದು ಮೂರು ಗಂಟೆಗೆ ಹತ್ತಿರ. ಅಲ್ಲಿನ ಉಯಿಘರ್ ಜನ ಇದನ್ನು ಸಹಿಸಲಾರದೆ ಎರಡು ಗಂಟೆ ಹಿಂದಿನ ಇನ್ನೊಂದು ಟೈಮ್ ಇಟ್ಟುಕೊಂಡಿದ್ದಾರೆ. ಒಂದೇ ಬೀದಿಯಲ್ಲಿ ಎರಡು ಟೈಮ್. ಮೇಲಿಂದ ಒಂದೇ ಗಡಿಯಾರ ಹೇರಿದರೂ ಕೆಳಗೆ ಇನ್ನೊಂದು ಹುಟ್ಟಿಕೊಳ್ಳುತ್ತದೆ. ಬಾಗಾನ್ ಟೈಮ್ ಹುಟ್ಟಿದ್ದೂ ಹಾಗೆಯೇ, ಅಲ್ವಾ?

ನಮ್ಮಲ್ಲಿ ಪರಿಹಾರ ಅಂತ ಎರಡು ಪ್ರಸ್ತಾಪಗಳು ಮೇಜಿನ ಮೇಲಿವೆ. ಒಂದು, ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ದಿಲೀಪ್ ಅಹುಜಾ, ಡಿ.ಪಿ. ಸೇನ್ ಗುಪ್ತಾ ಮತ್ತು ಜೊತೆಗಾರರದ್ದು. ಇಡೀ ದೇಶದ ಗಡಿಯಾರ ಅರ್ಧ ಗಂಟೆ ಮುಂದೆ ಹೋಗಲಿ ಅನ್ನುತ್ತಾರೆ. ಸಂಜೆ ದೀಪ ಹಚ್ಚುವುದು ತಡವಾಗಿ, ವರ್ಷಕ್ಕೆ 270 ಕೋಟಿ ಯೂನಿಟ್ ಕರೆಂಟು ಉಳಿಯುತ್ತದೆ ಅನ್ನುವುದು ಅವರ ಅಂದಾಜು. ಎರಡನೆಯದು 2018ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳು ಇಟ್ಟದ್ದು. ದೇಶದ ಟೈಮು ಕಾಯುವ ಪರಮಾಣು ಗಡಿಯಾರಗಳು ಇರುವುದು ಇವರ ಬಳಿಯೇ. ಇವರು ಹೇಳುವುದು ಎರಡು ವಲಯ. ಅಸ್ಸಾಂ, ಈಶಾನ್ಯ ಮತ್ತು ಅಂಡಮಾನ್-ನಿಕೋಬಾರ್ ದ್ವೀಪಗಳಿಗೆ ಒಂದು ಗಂಟೆ ಮುಂದೆ, ಉಳಿದ ದೇಶಕ್ಕೆ ಈಗಿನದೇ.

ನಾನು ಎರಡನೆಯದರ ಪರ. ಮೊದಲನೆಯದರ ಲೆಕ್ಕದಲ್ಲಿ ನಮ್ಮೂರಿನ ಬೆಳಗು ಇಲ್ಲ. ಜನವರಿಯ ಕೊನೆಗೆ ಶಿವಮೊಗ್ಗದಲ್ಲಿ ಸೂರ್ಯ ಹುಟ್ಟುವುದು 6:56ರ ಸುಮಾರಿಗೆ. ವರ್ಷದಲ್ಲೇ ತಡವಾದ ಬೆಳಗು ಅದು. ಅರ್ಧ ಗಂಟೆ ಮುಂದಿಟ್ಟರೆ ಅದು 7:26 ಆಗುತ್ತದೆ. ಇದು ಬಯಲಿನ ಲೆಕ್ಕ. ತೀರ್ಥಹಳ್ಳಿ, ಹೊಸನಗರದ ಕಡೆ ಗುಡ್ಡದ ಬುಡದಲ್ಲಿರುವ ಒಂಟಿ ಮನೆಗಳಿಗೆ ಬಿಸಿಲು ತಲುಪುವುದು ಇನ್ನೂ ತಡ, ಮಂಜು ಬೇರೆ. ಅಲ್ಲಿನ ಮಕ್ಕಳು ಮೊದಲ ಬಸ್ಸು ಹಿಡಿಯಲು ತೋಟ, ಹಳ್ಳ, ಕಾಡಂಚು ದಾಟಿ ನಡೆದು ಬರಬೇಕು. ಅದೇ ಅರ್ಧ ಗಂಟೆ ಅವರ ಬೆಳಗ್ಗಿಗೆ ಕತ್ತಲೆಯಾಗಿ ಸೇರುತ್ತದೆ.

ನಿದ್ದೆಯ ವಿಷಯ ಇನ್ನೂ ಮುಖ್ಯ. ಮೌಲಿಕ್ ಜಗ್ನಾನಿ ಅನ್ನುವ ಅರ್ಥಶಾಸ್ತ್ರಜ್ಞರು ಭಾರತದ ಮಕ್ಕಳ ಬಗ್ಗೆ ಇದನ್ನೇ ಅಧ್ಯಯನ ಮಾಡಿದ್ದಾರೆ. ಸೂರ್ಯ ತಡವಾಗಿ ಮುಳುಗುವ ಕಡೆ ಮಕ್ಕಳು ತಡವಾಗಿ ಮಲಗುತ್ತಾರೆ. ಶಾಲೆಯ ಗಂಟೆ ಮಾತ್ರ ಎಲ್ಲಾ ಕಡೆ ಒಂದೇ ಹೊತ್ತಿಗೆ ಹೊಡೆಯುತ್ತದೆ, ಬೆಳಿಗ್ಗೆ ಏಳುವುದು ತಡ ಆಗುವ ಹಾಗಿಲ್ಲ. ಸೂರ್ಯಾಸ್ತ ಒಂದು ಗಂಟೆ ತಡವಾದರೆ ಮಕ್ಕಳ ನಿದ್ದೆ ಸುಮಾರು ಅರ್ಧ ಗಂಟೆ ಕಡಿಮೆಯಾಗುತ್ತದೆ, ಅದು ಓದಿನ ವರ್ಷಗಳ ಮೇಲೂ ಪರಿಣಾಮ ಬೀರುತ್ತದೆ, ಬಡ ಮನೆಗಳಲ್ಲಿ ಪೆಟ್ಟು ಜಾಸ್ತಿ ಅಂತ ಅವರು ಕಂಡುಕೊಂಡರು. ಅಂದರೆ ಒಂದೇ ಗಡಿಯಾರದ ತೊಂದರೆ ಪೂರ್ವದವರಿಗೆ ಮಾತ್ರ ಅಲ್ಲ, ಪಶ್ಚಿಮದ ತುದಿಯವರಾದ ನಮಗೂ ಇದೆ. ಅವರ ತೊಂದರೆ ತೀರಿಸಲು ನಮ್ಮದನ್ನು ಹೆಚ್ಚಿಸುವುದು ನ್ಯಾಯ ಅಲ್ಲ.

ಎರಡು ವಲಯ ಬೇಡ ಅನ್ನುವವರು ಮೊದಲು ಹೇಳುವುದು ರೈಲು ಅಪಘಾತದ ಭಯ. ಭಯವನ್ನು ತಳ್ಳಿಹಾಕಬಾರದು, ಆದರೆ ಬಿಡಿಸಿ ನೋಡಬೇಕು. ನಮ್ಮ ತಾಳಗುಪ್ಪ ದಾರಿಯಂಥ ಸಿಂಗಲ್ ಲೈನಿನಲ್ಲಿ ಎರಡು ರೈಲು ಎದುರಾಗದಂತೆ ತಡೆಯುವುದು ಗಡಿಯಾರ ಅಲ್ಲ. ಮುಂದಿನ ಸ್ಟೇಷನ್ನಿನಿಂದ 'ಲೈನ್ ಕ್ಲಿಯರ್' ಸಿಗದೆ ಈ ಸ್ಟೇಷನ್ ಮಾಸ್ಟರು ಗಾಡಿ ಬಿಡುವ ಹಾಗಿಲ್ಲ. ಗೊಂದಲ ಆಗಬಹುದಾದದ್ದು ವೇಳಾಪಟ್ಟಿಯಲ್ಲಿ, ದಾಖಲೆ ಪುಸ್ತಕದಲ್ಲಿ. ಅದನ್ನು ಕಡಿಮೆ ಮಾಡಲೆಂದೇ ವಿಜ್ಞಾನಿಗಳು ಗೆರೆಯನ್ನು ಬಂಗಾಳ ಮತ್ತು ಅಸ್ಸಾಂ ಸೇರುವ ಕಿರಿದಾದ ಜಾಗದಲ್ಲಿ ಎಳೆದರು. ಅಲ್ಲಿ ಗಡಿಯಾರ ಬದಲಿಸಬೇಕಾದ್ದು ನ್ಯೂ ಕೂಚ್ ಬೆಹಾರ್ ಮತ್ತು ಆಲಿಪುರ್‌ದುವಾರ್ ಎಂಬ ಎರಡೇ ಸ್ಟೇಷನ್‌ಗಳಲ್ಲಿ. ದೇಶದ ನಡುವೆ ಗೆರೆ ಎಳೆದಿದ್ದರೆ ನೂರಾರು ಕಡೆ ಈ ತಲೆನೋವು ಇರುತ್ತಿತ್ತು.

ಇನ್ನೊಂದು ಆಕ್ಷೇಪ ದೇಶದ ಒಗ್ಗಟ್ಟಿನದು. ಇದಕ್ಕೆ ನನ್ನ ಉತ್ತರ ಚಿಕ್ಕದು. ಅಮೆರಿಕ, ರಷ್ಯಾ, ಬ್ರೆಜಿಲ್, ಇಂಡೋನೇಷ್ಯಾ ಹಲವು ಟೈಮ್ ಇಟ್ಟುಕೊಂಡೇ ಒಂದಾಗಿವೆ.

2017ರಲ್ಲಿ ಈ ವಿಷಯ ಗುವಾಹಟಿ ಹೈಕೋರ್ಟಿಗೆ ಹೋಗಿತ್ತು, ಅರ್ಜಿ ವಜಾ ಆಯಿತು. 2019ರಲ್ಲಿ ಕೇಂದ್ರ ಸರ್ಕಾರ ಲೋಕಸಭೆಯಲ್ಲಿ ಎರಡು ವಲಯ ಬೇಡ ಅಂತ ಉತ್ತರ ಕೊಟ್ಟಿತು. ಹಾಗಾಗಿ ಗಡಿಯಾರ ಸದ್ಯಕ್ಕೆ ಬದಲಾಗುವುದಿಲ್ಲ. ಆದರೆ ಶಾಲೆ ಶುರುವಾಗುವ ಹೊತ್ತನ್ನು ಬದಲಿಸಲು ದೆಹಲಿಯ ಒಪ್ಪಿಗೆ ಬೇಕಿಲ್ಲ, ಅದು ರಾಜ್ಯದ ಕೈಯಲ್ಲೇ ಇದೆ. ಡಿಸೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಮಲೆನಾಡಿನ ತಾಲ್ಲೂಕುಗಳಲ್ಲಿ ಶಾಲೆ ಅರ್ಧ ಗಂಟೆ ತಡವಾಗಿ ಶುರುವಾಗಲಿ, ಮೊದಲ ಬಸ್ಸೂ ಅದಕ್ಕೆ ತಕ್ಕ ಹಾಗೆ ಬಿಡಲಿ. ನಿಮ್ಮೂರಿನ ಶಾಲೆಯ ಎಸ್‌ಡಿಎಂಸಿ ಸಭೆ ಮುಂದಿನ ಸಲ ಸೇರಿದಾಗ ಇದನ್ನು ಎತ್ತಿ. ನಾನು ನಮ್ಮೂರಲ್ಲಿ ಎತ್ತುತ್ತೇನೆ.